ಬೆವರಿನ ತೂಕ

ನನ್ನ ಹೆಂಡತಿ ಬರ್ನಿ ತನ್ನ ಅಣ್ಣನಿಗೆ ಒಂದು ಕಿಡ್ನಿ ಕೊಡುತ್ತೇನೆಂದು ಹೊರಟಾಗ ಅವಳನ್ನು ತಡೆದು ನಿಲ್ಲಿಸಿದ್ದು ಇಪ್ಪತ್ತಾರು ಪೌಂಡು.

ರಕ್ತದ ಗುಂಪು ಹೊಂದಿತ್ತು. ಉಳಿದ ಹೊಂದಾಣಿಕೆಗಳೂ ಸರಿಬಂದಿದ್ದವು. ಅಕ್ಟೋಬರಿನ ಎರಡನೆಯ ವಾರ ಟೊಲೀಡೊದ ಆಸ್ಪತ್ರೆಯಲ್ಲಿ ದಾನಿಗಳನ್ನು ನೋಡಿಕೊಳ್ಳುವ ನರ್ಸ್ ಇಮೆಲ್ಡಾ ನಮ್ಮಿಬ್ಬರನ್ನು ಕೂರಿಸಿಕೊಂಡು ಹೇಳಿದರು: "ಎಲ್ಲಾ ಚೆನ್ನಾಗಿದೆ ಬರ್ನಡೆಟ್. ತೂಕ ಒಂದೇ. ನಿಮ್ಮ ಎತ್ತರಕ್ಕೆ ನೂರಾ ತೊಂಬತ್ತೇಳು ಪೌಂಡ್ ಮೀರಿದ್ರೆ ನಮ್ಮ ಡಾಕ್ಟ್ರುಗಳು ಕತ್ತಿ ಹಿಡಿಯಲ್ಲ. ನೀವೀಗ ಇನ್ನೂರಾ ಇಪ್ಪತ್ಮೂರು ಇದ್ದೀರಿ."

"ಎಷ್ಟು ದಿನ ಕೊಡ್ತೀರಿ?" ಎಂದು ಕೇಳಿದಳು ಬರ್ನಿ.

"ಗಡುವು ಅಂತೇನಿಲ್ಲ. ಜನವರಿ ಹದಿನಾಲ್ಕಕ್ಕೆ ಮತ್ತೆ ಬನ್ನಿ, ನೋಡೋಣ. ಆಗಿಲ್ಲ ಅಂದ್ರೆ ಏಪ್ರಿಲ್‌ಗೆ ಬನ್ನಿ. ಅವಸರ ಬೇಡ."

ಬರ್ನಿಯ ಕಿವಿಗೆ ಬಿದ್ದದ್ದು ಜನವರಿ ಹದಿನಾಲ್ಕು ಮಾತ್ರ. ಏಪ್ರಿಲ್ ಅವಳಿಗೆ ಕೇಳಿಸಲೇ ಇಲ್ಲ.

ಕ್ಯಾಸ್ ಅವಳಿಗೆ ಬರೀ ಅಣ್ಣನಲ್ಲ. ಅವಳಿಗೆ ಒಂಬತ್ತು ವರ್ಷವಿದ್ದಾಗ ಅಪ್ಪ ತೀರಿಕೊಂಡ. ಹದಿನೇಳರ ಕ್ಯಾಸ್ ಶಾಲೆ ಬಿಟ್ಟು ಗಾಜಿನ ಕಾರ್ಖಾನೆಯ ಕುಲುಮೆಗೆ ಸೇರಿದ. ಅವಳ ಶೂ, ಅವಳ ಹಲ್ಲಿನ ತಂತಿ, ನಮ್ಮ ಮದುವೆಯ ಊಟ ಎಲ್ಲವೂ ಆ ಕುಲುಮೆಯ ಮುಂದೆ ನಿಂತ ಮೂವತ್ತೊಂದು ವರ್ಷದಿಂದ ಬಂದದ್ದು. ಲೆಕ್ಕ ಇಡದೆ ಕೊಟ್ಟವನಿಗೆ ಹಿಂದಿರುಗಿಸುವುದು ಹೇಗೆ? ಹಾಗಾಗಿ ರಕ್ತದೊತ್ತಡ ಅವನ ಎರಡೂ ಕಿಡ್ನಿಗಳನ್ನು ತಿಂದುಹಾಕಿದಾಗ, ಯಾರೂ ಕೇಳುವ ಮೊದಲೇ ಬರ್ನಿ ಕೈ ಎತ್ತಿದ್ದಳು. ನಾನೂ ಕೊಡುತ್ತಿದ್ದೆ. ಆದರೆ ನನಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ನನ್ನ ಕಿಡ್ನಿ ಯಾರಿಗೂ ಬೇಡ. ಶಾಲಾ ಬಸ್ಸುಗಳ ಎಂಜಿನ್ ಬಿಚ್ಚಿ ಜೋಡಿಸುವ ಈ ಕೈಗಳಿಂದ ಅವನಿಗಾಗಿ ಮಾಡಬಹುದಾದದ್ದು ಇಷ್ಟೇ: ಮಂಗಳವಾರ, ಗುರುವಾರ, ಶನಿವಾರ ಅವನನ್ನು ಡಯಾಲಿಸಿಸ್‌ಗೆ ಕರೆದೊಯ್ದು ಕರೆತರುವುದು.

ಮೊದಲ ಆರು ವಾರ ಬರ್ನಿ ಎಲ್ಲವನ್ನೂ ಸರಿಯಾಗಿಯೇ ಮಾಡಿದಳು. ಅವಳು ಶಾಲೆಯ ಅಡುಗೆಮನೆಯಲ್ಲಿ ಮುನ್ನೂರು ಮಕ್ಕಳಿಗೆ ಅಡುಗೆ ಮಾಡುವವಳು. ರುಚಿ ನೋಡುತ್ತ ನೋಡುತ್ತಲೇ ಒಂದು ಊಟವಾಗುತ್ತಿತ್ತು. ಅದನ್ನು ಬಿಟ್ಟಳು. ರೊಟ್ಟಿಗೆ ಬೆಣ್ಣೆ ನಿಂತಿತು, ಭಾನುವಾರದ ಸಾಸೇಜ್ ಅರ್ಧವಾಯಿತು. ಬೀದಿಕೊನೆಯ ಜಿಮ್‌ನಲ್ಲಿ ಟ್ರೆಡ್‌ಮಿಲ್ಲನ್ನು ಏರುದಾರಿಯಂತೆ ಎತ್ತರಿಸಿಕೊಂಡು ಪ್ರತಿದಿನ ಐವತ್ತು ನಿಮಿಷ ನಡೆದಳು. ನವೆಂಬರಿನ ಕೊನೆಗೆ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ದಿನ ತೂಕ ಇನ್ನೂರಾ ಹದಿನಾಲ್ಕು. ಒಂಬತ್ತು ಪೌಂಡ್ ಇಳಿದಿತ್ತು.

ನಾನು ಚಪ್ಪಾಳೆ ತಟ್ಟಿದೆ. ಅವಳು ಬಚ್ಚಲಿನ ತಕ್ಕಡಿಯ ಮೇಲಿಂದ ಇಳಿಯಲಿಲ್ಲ.

"ವಾರಕ್ಕೆ ಒಂದೂವರೆ ಪೌಂಡು," ಎಂದಳು. "ಇನ್ನೇಳು ವಾರಕ್ಕೆ ಹತ್ತೂವರೆ. ಬೇಕಾಗಿರೋದು ಹದಿನೇಳು. ಆಗಲ್ಲ ವೆಂಡೆಲ್."

"ಏಪ್ರಿಲ್‌ಗೆ ಆಗತ್ತಲ್ಲ."

"ಕ್ಯಾಸ್ ಏಪ್ರಿಲ್‌ವರೆಗೂ ಹೇಗಿರ್ತಾನೋ ಯಾರಿಗ್ಗೊತ್ತು? ನೀನು ಹೇಳ್ತೀಯಾ?"



ಆ ಜಿಮ್‌ನ ಮಾಲೀಕ ಡ್ಯಾರೆಲ್, ಹೈಸ್ಕೂಲಿನಲ್ಲಿ ಕುಸ್ತಿ ಆಡಿದವನು. ಕೆಟ್ಟವನೆಂದು ನಾನು ಇವತ್ತಿಗೂ ಹೇಳುವುದಿಲ್ಲ. ಅವನು ನಂಬಿದ್ದನ್ನೇ ಮಾರುತ್ತಿದ್ದ. ಬರ್ನಿಯ ಕಥೆ ಕೇಳಿ ಕಣ್ಣೊರೆಸಿಕೊಂಡು, ಕಪಾಟಿನಿಂದ ಎರಡು ವಸ್ತು ತೆಗೆದುಕೊಟ್ಟ. ಒಂದು ಸೌನಾ ಸೂಟ್: ಮಳೆಕೋಟಿನಂಥ ಬೂದುಬಣ್ಣದ ಅಂಗಿ, ಚಡ್ಡಿ, ಕತ್ತಿಗೂ ಮಣಿಕಟ್ಟಿಗೂ ಬಿಗಿಯಾದ ರಬ್ಬರು, ಒಳಗಿನ ಶಾಖ ಹೊರಗೆ ಹೋಗುವಂತಿಲ್ಲ. ಇನ್ನೊಂದು ಸೊಂಟಪಟ್ಟಿ: ಅಂಗೈ ಅಗಲದ ದಪ್ಪ ರಬ್ಬರಿನ ಪಟ್ಟಿ, ಹೊಟ್ಟೆಯ ಸುತ್ತ ಎಳೆದು ಅಂಟಿಸಿಕೊಳ್ಳುವಂಥದ್ದು.

"ನಾವು ಪಂದ್ಯದ ಹಿಂದಿನ ದಿನ ಇದನ್ನೇ ಹಾಕ್ಕೋತಿದ್ವಿ," ಎಂದ ಡ್ಯಾರೆಲ್. "ಆರೇಳು ಪೌಂಡ್ ಹೀಗೆ ಕರಗಿ ಹೋಗೋದು. ಬೆವರು ಅಂದ್ರೇನು ಅಂದ್ಕೊಂಡ್ರಿ? ಕೊಬ್ಬು ಅಳ್ತಿರೋದು!"

ಮೊದಲ ದಿನ ನಾನೂ ಜೊತೆಗಿದ್ದೆ. ಮುಕ್ಕಾಲು ಗಂಟೆಯ ನಂತರ ಅವಳು ಅಂಗಿಯ ರಬ್ಬರನ್ನು ಬಿಡಿಸಿದಾಗ ತೋಳಿನಿಂದ ಬೆವರು ಲೋಟದಿಂದ ಸುರಿದಂತೆ ನೆಲಕ್ಕೆ ಬಿತ್ತು. ತಕ್ಕಡಿ ಹತ್ತಿದಳು. ಇನ್ನೂರಾ ಹತ್ತೂವರೆ. ಮೂರೂವರೆ ಪೌಂಡ್, ಒಂದೇ ದಿನಕ್ಕೆ! ಅವಳು ಅಲ್ಲೇ, ಆ ಒದ್ದೆ ತಲೆಯಲ್ಲೇ ನನ್ನನ್ನು ಅಪ್ಪಿಕೊಂಡಳು. ಎರಡು ತಿಂಗಳಿಂದ ಅವಳು ಹಾಗೆ ನಕ್ಕಿರಲಿಲ್ಲ.

ಮರುದಿನ ಬೆಳಿಗ್ಗೆ ತಕ್ಕಡಿ ಇನ್ನೂರಾ ಹದಿಮೂರೂವರೆ ತೋರಿಸಿತು.

"ರಾತ್ರಿ ಸೂಪ್ ಕುಡ್ದೆ ನೋಡು, ಅದಕ್ಕೆ," ಎಂದಳು ಬರ್ನಿ. "ತಪ್ಪು ನಂದೇ."

ನನಗೆ ಆಗಲೇ ಅನ್ನಿಸಬೇಕಿತ್ತು. ರೇಡಿಯೇಟರಿನಿಂದ ನೀರು ಸೋರಿದರೆ ಬಸ್ಸು ಹಗುರಾಗುತ್ತದೆ, ನಿಜ. ಹಾಗೆಂದು ಡೀಸೆಲ್ ಉರಿದಿದೆ ಎಂದು ಯಾವ ಮೆಕ್ಯಾನಿಕ್ಕೂ ಹೇಳುವುದಿಲ್ಲ. ನೀರಿರುವುದು ಎಂಜಿನ್ ತಣ್ಣಗಿಡಲು. ಅನ್ನಿಸಿತೂ ಕೂಡ, ಸುಳ್ಳೇಕೆ ಹೇಳಲಿ. ಆದರೆ ಆ ನಗುವನ್ನು ಕಂಡಮೇಲೆ ಬಾಯಿ ತೆರೆಯಲಾಗಲಿಲ್ಲ.

ಅಂದಿನಿಂದ ಬರ್ನಿ ಬೆಳಗಿನ ತೂಕ ನೋಡುವುದನ್ನೇ ಬಿಟ್ಟಳು. ಸೂಟ್ ಕಳಚಿದ ಕೂಡಲೇ ಬರುವ ಅಂಕಿ ಮಾತ್ರ ಅವಳ ಪಾಲಿಗೆ ನಿಜ. ಆ ಅಂಕಿಯನ್ನು ಹಾಗೇ ಉಳಿಸಿಕೊಳ್ಳಲು ಅವಳು ನೀರು ಕುಡಿಯುವುದನ್ನು ಕಡಿಮೆ ಮಾಡುತ್ತ ಬಂದಳು. ಮೊದಲು ಐವತ್ತು ನಿಮಿಷ ಏರುದಾರಿ ನಡೆಯುತ್ತಿದ್ದವಳು ಈಗ ಸೂಟಿನೊಳಗೆ ಇಪ್ಪತ್ತೈದು ನಿಮಿಷಕ್ಕೇ ಕಣ್ಣು ಕತ್ತಲಿಟ್ಟು ಕಂಬಿ ಹಿಡಿದು ನಿಲ್ಲುತ್ತಿದ್ದಳು. ನಡಿಗೆ ಅರ್ಧವಾಗಿತ್ತು, ಬೆವರು ನಾಲ್ಕುಪಟ್ಟಾಗಿತ್ತು. ಅವಳು ಎಣಿಸುತ್ತಿದ್ದದ್ದು ಬೆವರನ್ನು.

ಸೊಂಟಪಟ್ಟಿಯನ್ನು ಅಡುಗೆಮನೆಯ ಕೆಲಸದಲ್ಲೂ ಬಟ್ಟೆಯೊಳಗೆ ಕಟ್ಟಿಕೊಳ್ಳುತ್ತಿದ್ದಳು. ಬಾಗಿ ಪಾತ್ರೆ ಎತ್ತಲು ಹೋದರೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಸಂಜೆ ಬಿಚ್ಚಿದಾಗ ಹೊಟ್ಟೆಯ ಸುತ್ತ ಕೆಂಪು ಗೆರೆ, ಬೆವರುಸಾಲೆಯ ಗುಳ್ಳೆ. ಬಿಚ್ಚಿದ ತಕ್ಷಣ ನಾನು ಟೇಪು ಹಿಡಿದು ಅಳೆಯಬೇಕು. ಒಂದೂವರೆ ಇಂಚು ಕಮ್ಮಿ ಇರುತ್ತಿತ್ತು. ದಿಂಬನ್ನು ಹಗ್ಗದಿಂದ ಬಿಗಿದು ಬಿಚ್ಚಿದರೂ ಸ್ವಲ್ಪ ಹೊತ್ತು ಹಾಗೇ ತಗ್ಗಿರುತ್ತದೆ. ಒಂದು ಶನಿವಾರ ಬೆಳಿಗ್ಗೆ, ಪಟ್ಟಿ ಕಟ್ಟುವ ಮೊದಲು ಅಳೆಯಲು ಹೇಳಿದಳು. ಅಳತೆ ನವೆಂಬರಿನಲ್ಲಿ ಇದ್ದಷ್ಟೇ ಇತ್ತು. ಅವಳು ಉಸಿರು ಬಿಗಿಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಟೇಪನ್ನು ಸ್ವಲ್ಪ ಜಗ್ಗಿ ಹಿಡಿದು, "ಒಂದಿಂಚು ಇಳಿದಿದೆ ಕಣೆ," ಎಂದೆ.

ಇಷ್ಟು ವರ್ಷದ ಸಂಸಾರದಲ್ಲಿ ನಾನು ಹೇಳಿದ ಸುಳ್ಳುಗಳಲ್ಲಿ ಅಷ್ಟು ಪ್ರೀತಿಯಿಂದ ಹೇಳಿದ್ದು ಬೇರೊಂದಿಲ್ಲ. ಅಷ್ಟು ಕೆಟ್ಟದ್ದೂ ಬೇರೊಂದಿಲ್ಲ.

"ಕ್ಯಾಸ್‌ಗೆ ಈ ಸೂಟಿನ ವಿಷಯ ಹೇಳಬೇಡ," ಎಂದು ಅವಳು ಮೊದಲೇ ಆಣೆ ಹಾಕಿಸಿಕೊಂಡಿದ್ದಳು. "ನನಗೆ ಕಷ್ಟ ಆಗ್ತಿದೆ ಅಂತ ಗೊತ್ತಾದ್ರೆ ಕಿಡ್ನೀನೇ ಬೇಡ ಅಂತಾನೆ, ಆ ಮೊಂಡ."

ಕ್ರಿಸ್‌ಮಸ್ ಹಿಂದಿನ ಸಂಜೆ ಕ್ಯಾಸ್ ನಮ್ಮ ಮನೆಗೆ ಊಟಕ್ಕೆ ಬಂದ. ಬೀಟ್‌ರೂಟ್ ಸೂಪು, ಮೀನು, ಎಲೆಕೋಸಿನ ಕಡುಬು, ಎಲ್ಲ ಬರ್ನಿಯೇ ಮಾಡಿದ್ದಳು. ಕ್ಯಾಸ್‌ನ ಮುಂದೆ ಸಣ್ಣ ಲೋಟದಲ್ಲಿ ನೀರು. ಡಯಾಲಿಸಿಸ್‌ನವರಿಗೆ ದಿನಕ್ಕೆ ಒಂದು ಲೀಟರ್ ಮಾತ್ರ. ಕುಡಿದದ್ದು ಹೊರಗೆ ಹೋಗುವ ದಾರಿ ಇಲ್ಲ. ಅವನು ಒಂದೊಂದು ಗುಟುಕನ್ನೂ ಬಾಯಲ್ಲಿ ತಿರುಗಿಸಿ, ಸಮಯ ತೆಗೆದುಕೊಂಡು ನುಂಗುತ್ತಿದ್ದ.

"ನಂಗೇನಾದ್ರೂ ಪರ್ಮಿಶನ್ ಕೊಟ್ರೆ ಎರೀ ಸರೋವರ ಅರ್ಧ ಖಾಲಿ ಮಾಡ್ಬಿಡ್ತೀನಿ," ಎಂದ. ಆಮೇಲೆ ತಂಗಿಯ ಕಡೆ ನೋಡಿದ. "ನೀನ್ಯಾಕೆ ನೀರು ಮುಟ್ತಾ ಇಲ್ಲ? ಸೂಪೂ ಹಾಗೇ ಇದೆ."

"ಅಡುಗೆ ಮಾಡ್ತಾ ಮಾಡ್ತಾನೇ ಹೊಟ್ಟೆ ತುಂಬ್ತು," ಎಂದಳು ಬರ್ನಿ. ತುಟಿ ಒಡೆದಿತ್ತು. ನಗಲು ಹೋಗಿ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ಅಯ್ಯೋ, ಕುಡಿಯೇ. ನನ್ನ ಪಾಲಿಂದೂ ನೀನೇ ಕುಡಿ. ನೋಡಿಯಾದ್ರೂ ತಣ್ಣಗಾಗ್ತೀನಿ."

ಒಂದೇ ಮೇಜು. ಕುಡಿಯಲಾಗದವನೊಬ್ಬ, ಕುಡಿಯಲೊಲ್ಲದವಳೊಬ್ಬಳು. ನಡುವೆ ನಾನು ಬಿಯರು ಲೋಟ ಹಿಡಿದು ಕೂತಿದ್ದೆ. ಆ ಕ್ಷಣ ಒಂದು ಮಾತು ಬಾಯಿಬಿಟ್ಟಿದ್ದರೆ ಸಾಕಿತ್ತು. ಬಿಡಲಿಲ್ಲ.

ಜನವರಿ ಹನ್ನೆರಡರ ಬೆಳಿಗ್ಗೆ, ಬಹಳ ದಿನದ ಮೇಲೆ, ಬರಿಹೊಟ್ಟೆಯಲ್ಲಿ ತಕ್ಕಡಿ ಹತ್ತಿದಳು: ಇನ್ನೂರಾ ಏಳು. ಹತ್ತು ಪೌಂಡ್ ಉಳಿದಿತ್ತು, ಎರಡು ದಿನವೂ ಉಳಿದಿತ್ತು. ಆ ಎರಡು ದಿನ ಅವಳು ಒಂದು ಹನಿ ನೀರೂ ಕುಡಿಯಲಿಲ್ಲ. ಎರಡು ಬೇಯಿಸಿದ ಮೊಟ್ಟೆ ಬಿಟ್ಟರೆ ಊಟವಿಲ್ಲ. ಬೆಳಿಗ್ಗೆ ಸಂಜೆ ಸೂಟು ಹಾಕಿಕೊಂಡು ಜಿಮ್. ಹದಿನಾಲ್ಕರ ಬೆಳಿಗ್ಗೆ ಆಸ್ಪತ್ರೆಗೆ ಹೋಗುವಾಗ ಕಾರಿನಲ್ಲೂ ಸೂಟು, ಅದರ ಮೇಲೆ ಚಳಿಗಾಲದ ಕೋಟು, ಮುಂದೆ ಹೀಟರು ಪೂರ್ತಿ. ಹೊರಗೆ ಹಿಮ, ನಾನು ಒಳಗೆ ಬನಿಯನ್ನಿನಲ್ಲಿ ಕೂತು ಕಾರು ಓಡಿಸುತ್ತಿದ್ದೆ. ಅರ್ಧ ದಾರಿಗೆ ಅವಳು, "ವೆಂಡೆಲ್, ಈಗ ಬೆವರು ಬರ್ತಾ ಇಲ್ಲ," ಎಂದಳು. ಅವಳ ದನಿ ದೂರದಿಂದ ಬಂದಂತಿತ್ತು.

"ವಾಪಸ್ ಹೋಗೋಣ ಕಣೆ."

"ಇಷ್ಟು ದೂರ ಬಂದು? ಸುಮ್ನೆ ಓಡ್ಸು."

ಓಡಿಸಿದೆ.

ಆಸ್ಪತ್ರೆಯ ಶೌಚಾಲಯದಲ್ಲಿ ಬಟ್ಟೆ ಬದಲಿಸಿ ಬಂದು ತಕ್ಕಡಿ ಹತ್ತಿದಳು. ನೂರಾ ತೊಂಬತ್ತಾರು ಚಿಲ್ಲರೆ. "ಆಯ್ತು!" ಎಂದಳು. ಸಂತೋಷ ಮುಖದ ತನಕ ಏರಲು ಅವಳಲ್ಲಿ ಶಕ್ತಿಯಿರಲಿಲ್ಲ.

ಇಮೆಲ್ಡಾ ಅಂಕಿ ಬರೆದುಕೊಂಡರು. ಆದರೆ ತಲೆ ಎತ್ತಿ ಅವಳನ್ನೇ ನೋಡಿದರು. ಕೈಯ ಹಿಂಭಾಗದ ಚರ್ಮ ಚಿವುಟಿ ಬಿಟ್ಟರು. ಅದು ಗುಡಾರದ ಹಾಗೆ ನಿಂತೇ ಇತ್ತು. ನಾಡಿ ನೂರಾ ಹದಿನೆಂಟು, ರಕ್ತದೊತ್ತಡ ಪಾತಾಳದಲ್ಲಿ.

"ಬರ್ನಡೆಟ್, ಕೊನೇ ಸಲ ನೀರು ಕುಡಿದದ್ದು ಯಾವಾಗ?"

"ಬೆಳಿಗ್ಗೆ."

"ಯಾವ ಬೆಳಿಗ್ಗೆ?"

ಮೂತ್ರಕ್ಕೆಂದು ಕೊಟ್ಟ ಪುಟ್ಟ ಡಬ್ಬಿಯಲ್ಲಿ ಅವಳು ಎರಡು ಚಮಚದಷ್ಟನ್ನು ತಂದಳು. ಅದರ ಬಣ್ಣ ಕಪ್ಪು ಚಹಾದ್ದು. ಡಬ್ಬಿಯನ್ನು ಮೇಜಿನ ಮೇಲಿಡುತ್ತಲೇ ಎರಡೂ ಮೀನಖಂಡಗಳು ಸೆಟೆದುಕೊಂಡವು. "ಅಮ್ಮಾ" ಎಂದು ಕುಸಿದವಳನ್ನು ನಾನು ಹಿಡಿದುಕೊಂಡೆ. ಬೆನ್ನು ಕೆಂಡದಂತೆ ಸುಡುತ್ತಿತ್ತು. ಸೂಟಿನದ್ದೂ ಸೊಂಟಪಟ್ಟಿಯದ್ದೂ ಆಗಲೇ ಇಮೆಲ್ಡಾಗೆ ಹೇಳಿದೆ.

ಮೂರು ಗಂಟೆಯ ಮೇಲೆ ರಕ್ತದ ಫಲಿತಾಂಶ ಬಂತು. ಅಕ್ಟೋಬರಿನಲ್ಲಿ ಅವಳ ಕ್ರಿಯಾಟಿನೈನ್ ಶೂನ್ಯ ಬಿಂದು ಎಂಟು ಇತ್ತು. ರಕ್ತದಿಂದ ಕಿಡ್ನಿ ತೆಗೆದುಹಾಕಬೇಕಾದ ಕಸ ಅದು. ಅಂಕಿ ಏರಿತೆಂದರೆ ಕಿಡ್ನಿ ಸೋಲುತ್ತಿದೆ ಎಂದರ್ಥ. ಕ್ಯಾಸ್‌ನ ದೆಸೆಯಿಂದ ಆ ಅಂಕಿಯ ಭಾಷೆ ನಮ್ಮ ಮನೆಯಲ್ಲಿ ಎಲ್ಲರಿಗೂ ಬರುತ್ತಿತ್ತು. ಈಗ ಅವಳದ್ದು ಎರಡು ಬಿಂದು ಒಂದು.

ಕೊಡಬೇಕೆಂದು ಹೊರಟ ವಸ್ತುವನ್ನೇ ಅವಳು ಒಡೆದುಕೊಂಡಿದ್ದಳು.

ಎರಡು ದಿನ ಡ್ರಿಪ್ ಹಾಕಿ ಮಲಗಿಸಿದರು. ಚೀಲದ ಮೇಲೆ ಚೀಲ ಉಪ್ಪುನೀರು ಅವಳ ತೋಳಿನೊಳಗೆ ಇಳಿಯಿತು. ಮೂರನೆಯ ದಿನ ಬೆಳಿಗ್ಗೆ ಇಮೆಲ್ಡಾ ತಕ್ಕಡಿಯನ್ನು ಹಾಸಿಗೆಯ ಬಳಿಗೇ ತಳ್ಳಿಕೊಂಡು ಬಂದರು. ಇನ್ನೂರಾ ಎಂಟು.

ಬರ್ನಿ ಅಂಕಿ ನೋಡಿ ಮುಖ ಮುಚ್ಚಿಕೊಂಡಳು. "ಎಲ್ಲಾ ವಾಪಸ್ ಬಂದ್ಬಿಡ್ತು. ಅಷ್ಟು ಕೊಬ್ಬೂ ವಾಪಸ್ ಬಂದ್ಬಿಡ್ತು."

"ಬರ್ನಡೆಟ್, ಇಲ್ನೋಡಿ." ಇಮೆಲ್ಡಾ ಹಾಸಿಗೆಯ ಅಂಚಿಗೆ ಕೂತರು. "ಈ ಎರಡು ದಿನ ನೀವು ತಿಂದಿದ್ದು ನಾಲ್ಕು ಬಿಸ್ಕತ್ತು, ಒಂದು ಬಟ್ಟಲು ಗಂಜಿ. ಅದರಿಂದ ಹನ್ನೊಂದು ಪೌಂಡ್ ಕೊಬ್ಬು ಬರುತ್ತಾ? ಬಂದದ್ದು ನೀರು. ಯಾಕಂದ್ರೆ ಹೋಗಿದ್ದೂ ನೀರೇ, ಹೆಚ್ಚುಕಮ್ಮಿ ಪೂರ್ತಿ. ಕೊಬ್ಬು ಇದ್ದಲ್ಲೇ ಇತ್ತು."

"ಅಷ್ಟು ಬೆವರು ಸುಮ್ನೆ ಬಂತಾ?"

"ಸುಮ್ನೆ ಅಲ್ಲ. ಮೈ ಕಾದಾಗ ತಣ್ಣಗಾಗಲಿ ಅಂತ ಬೆವರು ಬರೋದು. ಆರಿದ್ರೆ ತಾನೇ ತಣ್ಣಗಾಗೋದು? ಆ ಸೂಟು ಅದನ್ನ ಆರಕ್ಕೇ ಬಿಡಲ್ಲ. ಮೈ ಇನ್ನಷ್ಟು ಕಾಯತ್ತೆ, ಇನ್ನಷ್ಟು ಬೆವರು ಸುರಿಸತ್ತೆ. ರಕ್ತ ಗಟ್ಟಿಯಾಗತ್ತೆ, ಕಿಡ್ನಿಗೆ ಹರಿಯೋದು ಕಮ್ಮಿ ಆಗತ್ತೆ. ಕಾದ ಸ್ನಾಯು ಒಡೆದು ಅದರ ಚೂರೂ ಹೋಗಿ ಕಿಡ್ನೀಲೇ ಸಿಕ್ಕೊಳತ್ತೆ. ನಿಮ್ಮ ಮೂತ್ರ ಕಪ್ಪಾಗಿದ್ದು ಅದಕ್ಕೆ."

"ಹಾಗಾದ್ರೆ ಕೊಬ್ಬು ಹೋಗೋದು ಹೇಗೆ?" ನಾನು ಕೇಳಿದೆ.

"ತಿನ್ನೋದಕ್ಕಿಂತ ಖರ್ಚು ಜಾಸ್ತಿ ಆದ್ರೆ ಮೈ ಕೂಡಿಟ್ಟಿದ್ದನ್ನ ತೆಗೀತದೆ. ಉರಿದ ಮೇಲೆ ಅದರ ಬಹುಪಾಲು ನಾವು ಬಿಡೋ ಉಸಿರಲ್ಲೇ ಹೋಗತ್ತೆ. ಹೊಟ್ಟೆಗೆ ಪಟ್ಟಿ ಕಟ್ಟಿದ್ರೆ ಹೊಟ್ಟೇದೇ ಹೋಗಲಿ ಅಂತ ಹೇಳಕ್ಕೂ ಬರಲ್ಲ. ಎಲ್ಲಿಂದ ತೆಗೀಬೇಕು ಅಂತ ಮೈ ನಮ್ಮನ್ನ ಕೇಳಲ್ಲ." ಅವರು ಮೆತ್ತಗೆ ಹೇಳಿದರು: "ನೀವು ಅಕ್ಟೋಬರಿಂದ ನಿಜವಾಗಿ ಹದಿನೈದು ಪೌಂಡ್ ಇಳಿಸಿದ್ದೀರಿ. ಊಟ ಕಮ್ಮಿ ಮಾಡಿ, ನಡೆದು. ಅದು ಸಣ್ಣ ಕೆಲಸ ಅಲ್ಲ. ಅದನ್ನ ಹಾಗೇ ಮುಂದುವರಿಸಿದ್ರೆ..."

ಮೂರು ತಿಂಗಳು ಕಳೆಯುವ ತನಕ ದಾನಿಯಾಗಿ ಅವಳನ್ನು ಪರೀಕ್ಷೆಗೂ ಕರೆಯುವಂತಿಲ್ಲ, ಕಿಡ್ನಿ ಪೂರ್ತಿ ಸುಧಾರಿಸಿತೆಂದು ಖಾತ್ರಿಯಾಗಬೇಕು ಎಂದು ಹೇಳಿ ಎದ್ದರು. ಎರಡು ತಿಂಗಳ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಗಿತ್ತು. ಸಾಲದ್ದಕ್ಕೆ ಹೊಳೆಗೂ ಹುಳಿ ಹಿಡಿದಿತ್ತು.

ಕ್ಯಾಸ್‌ಗೆ ಹೇಳದೆ ವಿಧಿಯಿರಲಿಲ್ಲ. ಅವನು ಡಯಾಲಿಸಿಸ್ ಮುಗಿಸಿ ನೇರ ಅವಳ ವಾರ್ಡಿಗೆ ಬಂದ, ತೋಳಿಗಿನ್ನೂ ಪಟ್ಟಿ ಸುತ್ತಿತ್ತು. ನಾನು ಎಲ್ಲವನ್ನೂ ಒದರಿದೆ, ಆ ಟೇಪಿನ ಸುಳ್ಳನ್ನೂ ಸೇರಿಸಿ. ಅವನು ಕೂಗಾಡುತ್ತಾನೆಂದುಕೊಂಡಿದ್ದೆ. ಅವನು ಕುರ್ಚಿ ಎಳೆದುಕೊಂಡು ಕೂತು ತುಂಬಾ ಹೊತ್ತು ತಂಗಿಯ ಕಾಲಬೆರಳುಗಳನ್ನು ಹೊದಿಕೆಯ ಮೇಲಿಂದಲೇ ಹಿಡಿದುಕೊಂಡಿದ್ದ.

"ಪೆದ್ದಿ," ಎಂದ ಕೊನೆಗೆ. "ಮೂವತ್ತೊಂದು ವರ್ಷ ಕುಲುಮೆ ಮುಂದೆ ನಿಂತೋನು ನಾನು. ಒಂದು ಪಾಳಿಗೆ ಬಕೆಟ್‌ಗಟ್ಲೆ ಬೆವರು. ಬೂಟು ಬಗ್ಗಿಸಿದ್ರೆ ನೀರು ಸುರಿಯೋದು. ಬೆವರಿಂದ ಕೊಬ್ಬು ಕರಗೋದಾಗಿದ್ರೆ ನಮ್ಮ ಪಾಳೀಲಿದ್ದೋರೆಲ್ಲಾ ಕಡ್ಡಿ ಆಗಿರ್ಬೇಕಿತ್ತು. ದಪ್ಪ ಗಸ್ ನೆನಪಿದಾನಾ? ಮುನ್ನೂರು ಪೌಂಡ್ ಸೇರ್ದ, ಮುನ್ನೂರು ಪೌಂಡೇ ರಿಟೈರಾದ."

ಬರ್ನಿ ನಗಲು ಹೋಗಿ ಅತ್ತಳು.

"ಇವತ್ತೂ ನೋಡು. ನಾಲ್ಕು ಗಂಟೇಲಿ ಮಿಶಿನ್ನು ನನ್ನಿಂದ ಆರು ಪೌಂಡ್ ತೆಗೀತು. ವಾರಕ್ಕೆ ಮೂರು ಸಲ ತೆಗೀತದೆ. ಯಾವ ನರ್ಸಾದ್ರೂ ಬಂದು 'ಕ್ಯಾಸ್, ತೆಳ್ಳಗಾದ್ರಿ ಕಣ್ರೀ' ಅಂತ ಹೇಳ್ತಾರಾ? ಅದು ನೀರು ಅಂತ ಅಲ್ಲಿ ಕಸ ಗುಡ್ಸೋನಿಗೂ ಗೊತ್ತು. ನನ್ನನ್ನ ಒಂದು ಮಾತು ಕೇಳಿದ್ದಿದ್ರೆ..." ಅವನು ನನ್ನ ಕಡೆ ತಿರುಗಿದ. "ನೀನಾದ್ರೂ ಹೇಳ್ಬೇಕಿತ್ತಲ್ಲೋ."

"ಹೌದು," ಎಂದೆ.

ಸೂಟನ್ನೂ ಪಟ್ಟಿಯನ್ನೂ ನಾನೇ ಡ್ಯಾರೆಲ್‌ನ ಮುಂದಿಟ್ಟು ನಡೆದದ್ದನ್ನು ಹೇಳಿದೆ. ಅವನ ಮುಖ ಬಿಳಿಚಿಕೊಂಡಿತು. "ನಮಗೆಲ್ಲಾ ಏನೂ ಆಗ್ತಿರ್ಲಿಲ್ಲ," ಎಂದ. ಆಮೇಲೆ ತುಸು ಯೋಚಿಸಿ, ತಮ್ಮ ತಂಡದ ಒಬ್ಬ ಹುಡುಗ ಪಂದ್ಯದ ದಿನ ತಕ್ಕಡಿಯ ಪಕ್ಕದಲ್ಲೇ ಬಿದ್ದಿದ್ದ ಎಂದೂ, ತೂಕ ಕೊಟ್ಟ ಗಂಟೆಯೊಳಗೆ ಎಲ್ಲರೂ ನೀರು ಕುಡಿದು ಮೊದಲಿನ ತೂಕಕ್ಕೇ ಬರುತ್ತಿದ್ದರು ಎಂದೂ ತಾನಾಗಿಯೇ ಹೇಳಿದ. ಹೇಳುತ್ತ ಹೇಳುತ್ತ ಅವನಿಗೇ ಏನೋ ಅರ್ಥವಾದಂತೆ ಮಾತು ನಿಲ್ಲಿಸಿದ.

ಬರ್ನಿ ಮತ್ತೆ ಮೊದಲಿನಿಂದ ಶುರುಮಾಡಿದಳು. ಈ ಸಲ ಹತ್ತಿಯ ಅಂಗಿ, ಪಕ್ಕದಲ್ಲಿ ನೀರಿನ ಬಾಟಲಿ, ಮೊದಲು ಹದಿನೈದು ನಿಮಿಷ, ಆಮೇಲೆ ಇಪ್ಪತ್ತು. ವಾರಕ್ಕೊಮ್ಮೆ ಬೆಳಿಗ್ಗೆ ಮಾತ್ರ ತೂಕ. ಕೆಲವು ವಾರ ಒಂದು ಪೌಂಡ್, ಕೆಲವು ವಾರ ಏನೂ ಇಲ್ಲ. ಅವಳು ದೂರಲಿಲ್ಲ, ನಗಲೂ ಇಲ್ಲ.

ಮಾರ್ಚಿನಲ್ಲಿ, ಈಸ್ಟರ್‌ಗೆ ಮುಂಚಿನ ಉಪವಾಸಕಾಲದ ಶುಕ್ರವಾರಗಳಂದು ಚರ್ಚಿನಲ್ಲಿ ಮೀನೂಟಗಳು ನಡೆಯುತ್ತಿದ್ದ ಹೊತ್ತಿಗೆ ಕ್ಯಾಸ್‌ಗೆ ಡಯಾಲಿಸಿಸ್ ಕುರ್ಚಿಯಲ್ಲೇ ಹೃದಯಾಘಾತವಾಯಿತು. ಬದುಕಿಕೊಂಡ. ಆದರೆ ಹೃದಯದ ಬಲ ಮೂರರಲ್ಲಿ ಒಂದು ಪಾಲಿಗೆ ಇಳಿದಿತ್ತು. ಮನೆಯ ಮೆಟ್ಟಿಲು ಹತ್ತಲು ಎರಡು ಕಡೆ ನಿಲ್ಲಬೇಕು.

ಏಪ್ರಿಲ್ ಕೊನೆಯಲ್ಲಿ ಬರ್ನಿಯ ಕ್ರಿಯಾಟಿನೈನ್ ಮತ್ತೆ ಶೂನ್ಯ ಬಿಂದು ಎಂಟಕ್ಕೆ ಬಂತು. ಮೇ ತಿಂಗಳ ಎಂಟಕ್ಕೆ, ಬೆಳಿಗ್ಗೆ ಎರಡು ಲೋಟ ನೀರು ಕುಡಿದು, ಅಂಗಿ ಶೂ ಎಲ್ಲ ಹಾಕಿಕೊಂಡೇ ಅವಳು ತಕ್ಕಡಿ ಹತ್ತಿದಳು. ನೂರಾ ತೊಂಬತ್ತೈದು. ಇಮೆಲ್ಡಾ ಚರ್ಮ ಚಿವುಟಿ ನೋಡಿ ನಕ್ಕರು. ದಾನಿಯ ಕಡೆಯ ಎಲ್ಲ ಪರೀಕ್ಷೆಯೂ ಸಾಫಾಗಿ ಬಂತು.

ಹತ್ತು ದಿನ ಬಿಟ್ಟು ಕ್ಯಾಸ್‌ನನ್ನು ನೋಡುವ ಹೃದಯದ ಡಾಕ್ಟರು ನಮ್ಮ ಮೂವರನ್ನೂ ಕರೆಸಿದರು. ಈ ಹೃದಯ ಅಷ್ಟು ದೊಡ್ಡ ಶಸ್ತ್ರಚಿಕಿತ್ಸೆಯನ್ನು ತಾಳುವುದಿಲ್ಲ, ಮೇಜಿನ ಮೇಲೇ ಹೋಗಿಬಿಡಬಹುದು, ಕಸಿಯ ಪಟ್ಟಿಯಿಂದ ಹೆಸರು ತೆಗೆಯುತ್ತಿದ್ದೇವೆ ಎಂದರು.

ಬರ್ನಿ ಒಂದೇ ಪ್ರಶ್ನೆ ಕೇಳಿದಳು. "ಜನವರೀಲಿ ಆಗಿದ್ರೆ?"

ಡಾಕ್ಟರು ಪೆನ್ನು ಮುಚ್ಚಿದರು. "ಜನವರಿಯಲ್ಲಿ ನಿಮ್ಮ ತೂಕ ಬೇಕಾದಷ್ಟು ನಿಜವಾಗಿ ಇಳಿದಿರ್ಲಿಲ್ಲ ಅಲ್ವಾಮ್ಮ. ಹೇಗಿದ್ರೂ ಏಪ್ರಿಲ್ ಆಗ್ತಿತ್ತು. ಅವರ ಹೃದಯ ಮಾರ್ಚಲ್ಲೇ ಹೋಯ್ತು. ಆ ಸೂಟು ಇಲ್ದೇ ಇದ್ದಿದ್ರೂ ಹೀಗೇ ಆಗ್ತಿತ್ತೇನೋ. ಆಗ್ತಿರ್ಲಿಲ್ವೇನೋ. ನನಗೆ ಗೊತ್ತಿಲ್ಲ."

ಬೈದಿದ್ದರೆ ಒಳ್ಳೆಯದಿತ್ತು. ನಿನ್ನಿಂದಲೇ ಆಯಿತು ಎಂದಿದ್ದರೆ ಅದನ್ನಾದರೂ ಹಿಡಿದುಕೊಂಡು ಅಳಬಹುದಿತ್ತು. ನಿನ್ನಿಂದಲ್ಲ ಎಂದಿದ್ದರೆ ನಿದ್ದೆಯಾದರೂ ಬರುತ್ತಿತ್ತು.

ಹೊರಗೆ ಪಾರ್ಕಿಂಗ್‌ನಲ್ಲಿ ಬಿಸಿಲು ಚೆನ್ನಾಗಿತ್ತು. ಕ್ಯಾಸ್ ಕಾರಿನ ಬಾಗಿಲು ಹಿಡಿದು ಉಸಿರು ತಿರುಗಿಸಿಕೊಳ್ಳುತ್ತಿದ್ದ. ಬರ್ನಿ ಅವನ ಎದುರು ನಿಂತು, ಎರಡೂ ಕೈ ತನ್ನ ಪಕ್ಕೆಯ ಮೇಲಿಟ್ಟುಕೊಂಡು, "ಇದನ್ನ ನಾನೇನು ಮಾಡ್ಲಿ ಕ್ಯಾಸ್?" ಎಂದಳು.

"ಇಟ್ಕೋ," ಎಂದ ಅವನು. "ಚೆನ್ನಾಗಿ ನೋಡ್ಕೋ. ಇಟ್ಟಿದ್ದನ್ನ ಒಡಕೊಳ್ಳಕ್ಕೆ ನೀನು ಎತ್ತಿದ ಕೈ."

ಅವಳು ಅವನ ಭುಜಕ್ಕೆ ಗುದ್ದಿದಳು, ತೀರಾ ಮೆಲ್ಲಗೆ. ಆಮೇಲೆ ಅವನನ್ನು ಒಳಗೆ ಕೂರಿಸಿ ಬೆಲ್ಟು ಹಾಕಿದಳು. ಮೂವರೂ ಮನೆಗೆ ಬಂದೆವು.

ಆ ಬೇಸಿಗೆಯಲ್ಲಿ ಕ್ಯಾಸ್ ತನ್ನ ಮನೆ ಬಿಟ್ಟು ನಮ್ಮ ಕೆಳಮಹಡಿಯ ಕೋಣೆಗೆ ಬಂದ. ಬರ್ನಿ ಈಗಲೂ ದಿನಾ ನಡೆಯುತ್ತಾಳೆ. ಯಾಕೆಂದು ನಾನು ಕೇಳಿಲ್ಲ. ಅವಳು ವಾಪಸು ಬರುವ ಹೊತ್ತಿಗೆ ಕ್ಯಾಸ್ ಜಗಲಿಯ ಕುರ್ಚಿಯಲ್ಲಿ ಕಾಯುತ್ತಿರುತ್ತಾನೆ, ಬೀದಿಯ ತಿರುವು ಕಾಣುವಂತೆ ಕುರ್ಚಿ ತಿರುಗಿಸಿಕೊಂಡು. ಕಳೆದ ವಾರ ಇಮೆಲ್ಡಾ ಫೋನು ಮಾಡಿದ್ದರು. ಕಿಡ್ನಿಗಾಗಿ ಕಾಯುತ್ತಿರುವವರ ಪಟ್ಟಿಯಲ್ಲಿ ಇನ್ನೊಬ್ಬ ಹೆಂಗಸಿದ್ದಾಳೆ, ರಕ್ತದ ಗುಂಪು ಹೊಂದುತ್ತದೆ, ಒತ್ತಾಯವೇನಿಲ್ಲ, ಕೇಳಿ ನೋಡೋಣವೆಂದು ಕೇಳುತ್ತಿದ್ದೇನೆ ಎಂದರು. ಬರ್ನಿ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ತಿರುಗಿ ಫೋನು ಮಾಡಬೇಕಾದ ನಂಬರನ್ನು ಬರೆದುಕೊಂಡು, ಅಣ್ಣನ ಉಪ್ಪಿಲ್ಲದ ಸೂಪನ್ನು ಒಲೆಯಿಂದ ಇಳಿಸಲು ಒಳಗೆ ಹೋದಳು.